ನೂರು ಡಾಲರ್ ದಾಟಿದೆ, ಆದರೂ ಯೂಟ್ಯೂಬ್ ಹಣ ಏಕೆ ಬಂದಿಲ್ಲ?

ಪ್ರಶ್ನೆ: ಹಾವೇರಿ ಜಿಲ್ಲೆಯ ಹಳ್ಳಿಯಿಂದ ಅಡುಗೆ ಚಾನೆಲ್ ನಡೆಸ್ತಿದ್ದೀನಿ. ಜೂನ್ ಕೊನೆಗೆ ಯೂಟ್ಯೂಬ್ ಸ್ಟುಡಿಯೋದಲ್ಲಿ 112 ಡಾಲರ್ ತೋರಿಸ್ತು. ಜುಲೈ 5 ಆದ್ರೂ ದುಡ್ಡು ಬಂದಿಲ್ಲ. ಗೂಗಲ್‌ನಿಂದ ಪಿನ್ ಪತ್ರಾನೂ ಬಂದಿಲ್ಲ, ಕಳಿಸಿದ್ದೀವಿ ಅಂತ ತೋರಿಸಿ ತಿಂಗಳಾಯ್ತು. ನನ್ನ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲ. ಅಪ್ಪನ ಖಾತೆ ಕೊಡಬಹುದಾ?

ಉತ್ತರ: ಜುಲೈ 5ಕ್ಕೆ ಹಣ ಬರುವ ಹಾಗೇ ಇಲ್ಲ, ಆ ಬಗ್ಗೆ ಗಾಬರಿ ಬೇಡ. ಸ್ಟುಡಿಯೋದಲ್ಲಿ Estimated revenue ಎಂದು ಕಾಣುವುದು ಅಂದಾಜು ಲೆಕ್ಕ. ಜೂನ್ ಗಳಿಕೆ ಅಂತಿಮವಾಗಿ, ಗೂಗಲ್ ಹಣ ಪಾವತಿಸುವ ಆಡ್‌ಸೆನ್ಸ್ ಖಾತೆಗೆ ಸೇರುವುದು ಜುಲೈ 7ರಿಂದ 12ರೊಳಗೆ. ಅಮಾನ್ಯ ವೀಕ್ಷಣೆಗಳ ಹಣ ಕಳೆದು ಆ ಮೊತ್ತ ಸ್ವಲ್ಪ ಇಳಿಯಲೂಬಹುದು. ಆಡ್‌ಸೆನ್ಸ್‌ನಲ್ಲಿ ಸೇರಿದ ಮೊತ್ತ 100 ಡಾಲರ್ ಮುಟ್ಟಿದ್ದರೆ, 20ನೇ ತಾರೀಕಿನ ಹೊತ್ತಿಗೆ ಯಾವ ತಡೆಯೂ ಉಳಿದಿರದಿದ್ದರೆ, 21ರಿಂದ 26ರ ನಡುವೆ ಗೂಗಲ್ ಹಣ ಬಿಡುಗಡೆ ಮಾಡುತ್ತದೆ. 20 ದಾಟಿದ ಮೇಲೆ ತಡೆ ತೆಗೆದರೆ ಹಣ ಮುಂದಿನ ತಿಂಗಳಿಗೆ ಹೋಗುತ್ತದೆ, ಕಳೆದುಹೋಗುವುದಿಲ್ಲ.

ನಿಮಗೆ ನಿಜವಾದ ತಡೆ ವಿಳಾಸ ದೃಢಪಡಿಸುವ ಪಿನ್. ಗಳಿಕೆ 10 ಡಾಲರ್ ದಾಟಿದಾಗ ಆರು ಅಂಕಿಯ ಈ ಸಂಖ್ಯೆಯನ್ನು ಸಾದಾ ಅಂಚೆಯಲ್ಲಿ ಕಳಿಸುತ್ತಾರೆ. ಅದು ರಿಜಿಸ್ಟರ್ಡ್ ಅಲ್ಲ, ಎಲ್ಲಿದೆ ಎಂದು ಹುಡುಕಲು ಟ್ರ್ಯಾಕಿಂಗ್ ನಂಬರ್ ಇಲ್ಲ, ಬಂದು ಮುಟ್ಟಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನಿಮ್ಮದು ತಿಂಗಳು ದಾಟಿದೆ, ಹಾಗಾಗಿ ಮೊದಲು ಆಡ್‌ಸೆನ್ಸ್‌ನ Payments ವಿಭಾಗದಲ್ಲಿ ನೀವೇ ಬರೆದ ವಿಳಾಸ ತೆರೆದು ನೋಡಿ. ಹಳ್ಳಿಯ ಹೆಸರು, ತಾಲೂಕು, ಜಿಲ್ಲೆ ಬರೆದು ಅಂಚೆ ಕಚೇರಿಯ ಹೆಸರನ್ನು ಬಿಟ್ಟವರೇ ಹೆಚ್ಚು. ನಿಮ್ಮ ಊರಿಗೆ ಟಪಾಲು ಪಕ್ಕದ ಊರಿನ ಅಂಚೆ ಕಚೇರಿಯಿಂದ ಬರುವುದಾದರೆ ಆ ಅಂಚೆಯ ಹೆಸರು, ಅದರದೇ ಪಿನ್‌ಕೋಡ್ ಇರಬೇಕು. ಊರಲ್ಲಿ ಜನ ನಿಮ್ಮನ್ನು ಗುರುತಿಸುವುದು ಅಪ್ಪನ ಹೆಸರಿನಿಂದಲಾದರೆ ವಿಳಾಸದ ಮೊದಲ ಸಾಲಿಗೆ ಅವರ ಹೆಸರನ್ನೂ ಸೇರಿಸಿ. ಅಂಚೆಯಣ್ಣನಿಗೆ ಒಂದು ಮಾತು ಹೇಳಿಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ಆ ಪತ್ರ ನೋಡಲು ಜಾಹೀರಾತಿನ ಕಾಗದದಂತೆಯೇ ಇರುತ್ತದೆ.

ವಿಳಾಸ ತಿದ್ದಿ ಹೊಸ ಪಿನ್ ಕೇಳಿ. ಹೀಗೆ ಮೂರು ಸಲ ಕೇಳಲು ಅವಕಾಶವಿದೆ. ಮತ್ತೆ ಕಳಿಸುವುದೂ ಮೊದಲಿನ ಸಂಖ್ಯೆಯೇ, ಆದ್ದರಿಂದ ಯಾವ ಪತ್ರ ಮೊದಲು ಕೈ ಸೇರಿದರೂ ನಡೆಯುತ್ತದೆ. ಮೂರೂ ಬಾರದಿದ್ದರೆ ಗುರುತಿನ ಚೀಟಿ ಅಪ್‌ಲೋಡ್ ಮಾಡಿ ವಿಳಾಸ ದೃಢಪಡಿಸಬಹುದು. ಎರಡು ಎಚ್ಚರ: ಪಿನ್ ಅನ್ನು ಮೂರು ಸಲ ತಪ್ಪಾಗಿ ಹೊಡೆಯಬೇಡಿ, ಮೊದಲ ಪಿನ್ ಹೊರಟ ದಿನದಿಂದ ನಾಲ್ಕು ತಿಂಗಳು ಮೀರಲು ಬಿಡಬೇಡಿ. ಎರಡರಲ್ಲಿ ಯಾವುದಾದರೂ ಜಾಹೀರಾತೇ ನಿಲ್ಲುತ್ತದೆ.

ಅಪ್ಪನ ಖಾತೆ ಬೇಡ. ಆಡ್‌ಸೆನ್ಸ್‌ನಲ್ಲಿರುವ ಹೆಸರು, ಗುರುತಿನ ಚೀಟಿಯ ಹೆಸರು, ಪಾಸ್‌ಬುಕ್‌ನ ಹೆಸರು ಮೂರೂ ಒಂದೇ ಆಗಿದ್ದರೆ ನೆಮ್ಮದಿ. ಇನಿಷಿಯಲ್ ಹಿಂದುಮುಂದಾದರೂ ವಿದೇಶದ ಹಣವನ್ನು ಬ್ಯಾಂಕ್ ತಡೆಹಿಡಿದು ವಿವರ ಕೇಳಬಹುದು. ನಿಮ್ಮ ಹೆಸರಲ್ಲೇ ಒಂದು ಉಳಿತಾಯ ಖಾತೆ ತೆರೆಯಿರಿ. ಆದರೆ ಮೊದಲು ಕೌಂಟರ್‌ನಲ್ಲಿ ಕೇಳಬೇಕಾದ್ದು ಒಂದೇ: "ವಿದೇಶದಿಂದ ಡಾಲರ್‌ನಲ್ಲಿ ಹಣ ಬರುತ್ತೆ, ಅದಕ್ಕೆ ಯಾವ ಸ್ವಿಫ್ಟ್ ಕೋಡ್ ಕೊಡಬೇಕು?" ವಿದೇಶದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಗುರುತಿಸುವುದು ಈ ಕೋಡ್, ಹಳ್ಳಿ ಶಾಖೆಗೆ ಅದು ಸ್ವಂತದ್ದು ಇರುವುದು ಅಪರೂಪ. ವಿದೇಶಿ ವಿನಿಮಯ ನೋಡಿಕೊಳ್ಳುವ ದೊಡ್ಡ ಶಾಖೆಯ ಕೋಡ್ ಕೊಡುತ್ತಾರೆ, ಐಎಫ್‌ಎಸ್‌ಸಿ ಮಾತ್ರ ನಿಮ್ಮ ಶಾಖೆಯದೇ ಇರಬೇಕು. ಸ್ವಿಫ್ಟ್ 8 ಅಥವಾ 11 ಅಕ್ಷರದ್ದು, ಐದು–ಆರನೇ ಅಕ್ಷರ IN. ಐಎಫ್‌ಎಸ್‌ಸಿ 11 ಅಕ್ಷರದ್ದು, ಅದರ ಐದನೆಯದು ಸೊನ್ನೆ, O ಅಲ್ಲ. ಮನೆಯವರ ಹಳೆಯ ಪಾಸ್‌ಬುಕ್ ನೋಡಿ ಕೋಡ್ ತುಂಬಬೇಡಿ. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ಗೂ ಸೇರಿಹೋದ ಮೇಲೆ ಅವುಗಳ ಹಳೆಯ ಐಎಫ್‌ಎಸ್‌ಸಿಗಳು ಸತ್ತಿವೆ.

ನೀವು ಕೇಳದ ಇನ್ನೊಂದು ವಿಷಯ ಅಮೆರಿಕದ ತೆರಿಗೆ ಫಾರ್ಮ್. ವ್ಯಕ್ತಿಗಳು ಆಡ್‌ಸೆನ್ಸ್‌ನಲ್ಲಿ W-8BEN ತುಂಬಿ, ವಿದೇಶಿ ತೆರಿಗೆ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಕೊಡಬೇಕು. ತುಂಬದಿದ್ದರೆ ಎಲ್ಲ ದೇಶಗಳ ಒಟ್ಟು ಗಳಿಕೆಯ ಮೇಲೆ 24% ಕಡಿತವಾಗಬಹುದು, ಅಂದರೆ ನಿಮ್ಮ 112ರಲ್ಲಿ 26.88 ಡಾಲರ್. ತುಂಬಿ ಭಾರತ–ಅಮೆರಿಕ ಒಪ್ಪಂದದ ರಿಯಾಯಿತಿ ಕೇಳಿಕೊಂಡರೆ ಅಮೆರಿಕದ ವೀಕ್ಷಕರಿಂದ ಬಂದ ಪಾಲಿಗೆ ಮಾತ್ರ 15%. ನಿಮ್ಮ ರೊಟ್ಟಿ ವಿಡಿಯೊ ನೋಡುವ ಅಲ್ಲಿನ ಕನ್ನಡಿಗರಿಂದ 20 ಡಾಲರ್ ಬಂದಿದೆ ಎಂದುಕೊಂಡರೆ ಹೋಗುವುದು 3 ಡಾಲರ್ ಅಷ್ಟೇ.

ಹಣ ಹೊರಟಿದೆ ಎಂದು ಆಡ್‌ಸೆನ್ಸ್ ತೋರಿಸಿದ ಮೇಲೂ ವಾರ ಕಳೆಯಬಹುದು. ಆಗ ಅಲ್ಲಿನ ಪಾವತಿ ರಸೀದಿ ಪ್ರಿಂಟ್ ಮಾಡಿಕೊಂಡು ಶಾಖೆಗೆ ಹೋಗಿ, "ಇನ್‌ವರ್ಡ್ ರೆಮಿಟೆನ್ಸ್", ಅಂದರೆ ವಿದೇಶದಿಂದ ಬಂದ ಹಣ, ಎಂದು ಹೇಳಿ. ಮೊದಲ ಸಲ ಹಣ ಯಾವ ಉದ್ದೇಶದ್ದು ಎಂದು ಬರೆಸಿಕೊಳ್ಳುವುದು ಸಾಮಾನ್ಯ. ಜಾಹೀರಾತು ಸೇವೆಗೆ ರಿಸರ್ವ್ ಬ್ಯಾಂಕಿನ ಉದ್ದೇಶ ಕೋಡ್ P1007. ಆ ಫಾರ್ಮ್‌ಗೆ ಸಹಿ ಬೀಳುವವರೆಗೆ ಹಣ ಬ್ಯಾಂಕಿನಲ್ಲೇ ನಿಂತಿರುತ್ತದೆ, ಕೆಲವು ಬ್ಯಾಂಕುಗಳು ಅದನ್ನು ತಿಳಿಸಲು ಒಂದು ಎಸ್‌ಎಂಎಸ್ ಕೂಡ ಕಳಿಸುವುದಿಲ್ಲ.