ರೈಲಿನ ಗಾಜಿನ ಪ್ರತಿಫಲನ ತೆಗೆಯುವುದು

> ಕಾರವಾರದ ಹತ್ರ ಕಾಳಿ ಸೇತುವೆ ಮೇಲೆ ಎಸಿ ಬೋಗಿ ಕಿಟಕಿಯಿಂದ ನಾಲ್ಕೈದು ಫೋಟೊ ಹೊಡೆದೆ. ಎಲ್ಲದ್ರಲ್ಲೂ ಒಳಗಿನ ಲೈಟು, ನನ್ನ ಬಿಳಿ ಅಂಗಿ ಕಾಣ್ತಿದೆ. ತೆಗೀಬಹುದಾ?

ಅಂಗಿಯದ್ದು ಬಹುಪಾಲು ಹೋಗುತ್ತದೆ, ಲೈಟಿನದ್ದು ಒಂದೇ ಫೋಟೊದಿಂದ ಹೋಗುವುದು ಕಷ್ಟ. ಪ್ರತಿಫಲನ ಹೊರಗಿನ ದೃಶ್ಯವನ್ನು ಅಳಿಸುವುದಿಲ್ಲ, ಅದರ ಮೇಲೆ ಬೆಳಕು ಸೇರಿಸುತ್ತದೆ. ಹಾಗಾಗಿ ಕಪ್ಪು ಗುಡ್ಡದ ಮೇಲೆ ಅಂಗಿ ಎದ್ದು ಕಾಣುತ್ತದೆ, ಆಕಾಶದ ಮೇಲೆ ಅಷ್ಟಾಗಿ ಕಾಣುವುದಿಲ್ಲ.

ಮೊದಲು ಫೋಟೊ ತಿದ್ದುವ ಸಾಫ್ಟ್‌ವೇರ್ GIMPನಲ್ಲಿ ಫೋಟೊ ತೆರೆದು, ಕಲರ್ ಪಿಕ್ಕರ್ ಅನ್ನು ಲೈಟಿನ ಕಲೆಯ ಮೇಲಿಡಿ. ಕೆಂಪು, ಹಸಿರು, ನೀಲಿ ಮೂರೂ 255 ತೋರಿಸಿದರೆ ಅಲ್ಲಿ ಹಿಂದಿನ ವಿವರ ಫೈಲಿನಲ್ಲೇ ಉಳಿದಿಲ್ಲ. ಯಾವ ಸಾಫ್ಟ್‌ವೇರ್ ಅಲ್ಲಿ ತೆಂಗಿನಮರ ತೋರಿಸಿದರೂ ಅದು ಊಹೆಯ ಮರ.

ನಿಮ್ಮ ಅನುಕೂಲವೆಂದರೆ ರೈಲು ಓಡುತ್ತಿತ್ತು. ಫೋನು ಹೆಚ್ಚು ಅಲುಗಾಡದಿದ್ದರೆ ಲೈಟು ಪ್ರತಿ ಫೋಟೊದಲ್ಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತದೆ, ಹೊರಗಿನದ್ದು ಸರಿದಿರುತ್ತದೆ. ಎರಡು ಫೋಟೊ ಲೇಯರ್‌ಗಳಾಗಿ ತೆರೆದು, ಮೇಲಿನದರ ಒಪ್ಯಾಸಿಟಿ 50ಕ್ಕೆ ಇಳಿಸಿ, ಎದುರು ದಡ ಕೂಡುವವರೆಗೆ ಸರಿಸಿ. ಆಮೇಲೆ 100ಕ್ಕೆ ತಂದು, ಮೇಲಿನದಕ್ಕೆ ಬಿಳಿ ಲೇಯರ್ ಮಾಸ್ಕ್ ಹಾಕಿ, ಲೈಟಿನ ಕಲೆಯ ಮೇಲೆ ಮಾತ್ರ ಮೆತ್ತನೆ ಅಂಚಿನ ಕಪ್ಪು ಬ್ರಷ್ ಆಡಿಸಿ. ಕೆಳಗಿನ ಫೋಟೊದ ನಿಜವಾದ ದೃಶ್ಯ ಅಲ್ಲಿ ಕಾಣುತ್ತದೆ.

ಹತ್ತಿರದ ಸೇತುವೆ ಕಂಬಿ ದೂರದ ದಡಕ್ಕಿಂತ ವೇಗವಾಗಿ ಸರಿಯುವುದರಿಂದ ಎರಡೂ ಒಟ್ಟಿಗೆ ಕೂಡುವುದಿಲ್ಲ. ಕಲೆಯ ಹಿಂದೆ ಯಾವುದಿದೆಯೋ ಅದನ್ನೇ ಕೂಡಿಸಿ. ನೀರಿನ ಅಲೆ ಹೇಗೂ ಹೊಂದುವುದಿಲ್ಲ, ಬಿಡಿ.

ಅಂಗಿಗೆ, ಮಾಸ್ಕ್ ಬಿಟ್ಟು ಮೇಲಿನ ಫೋಟೊವನ್ನೇ ಕ್ಲಿಕ್ ಮಾಡಿ, ಆ ಭಾಗವನ್ನಷ್ಟೇ ಆಯ್ದು, ಅಂಚು ಮೆತ್ತಗೆ ಮಾಡಿ, ಲೆವೆಲ್ಸ್‌ನ ಎಡತುದಿಯ ಕಪ್ಪು ಗುರುತನ್ನು ಬಲಕ್ಕೆ ಎಳೆಯಿರಿ. ಪಕ್ಕದ ಗುಡ್ಡದಷ್ಟೇ ಕಪ್ಪಾದಾಗ ನಿಲ್ಲಿಸಿ. ಕಾಳುಕಾಳಾಗಿ ಕಂಡರೆ ಸ್ವಲ್ಪ ಹಿಂದೆ ಬನ್ನಿ.