ಕೊನೇ ದಿನ ಗೊತ್ತಿದ್ದರೂ ಕೆಲಸ ಮುಂದೂಡುವುದು ಯಾಕೆ? ಟ್ಯಾಕ್ಸ್ ಕಚೇರಿಯಲ್ಲಿ ಕೂತು ಕಂಡಿದ್ದು

ಪ್ರಶ್ನೆ: ಕೆಲಸ ಮುಖ್ಯ ಅಂತ ಗೊತ್ತು, ಕೊನೇ ದಿನಾಂಕಾನೂ ಗೊತ್ತು. ಆದ್ರೂ ಕೊನೇ ಗಂಟೆ ತನಕ ಕೈ ಹಾಕೋದೇ ಇಲ್ಲ. ಇದು ಸೋಮಾರಿತನಾನಾ, ಬೇರೆ ಏನಾದ್ರೂ ಕಾರಣ ಇದೆಯಾ?

ಬಹಳಷ್ಟು ಸಲ ಸೋಮಾರಿತನ ಅಲ್ಲ. ನಾನು ಚಿಕ್ಕಮಗಳೂರಿನಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಜುಲೈ ಕೊನೇ ವಾರ ನಮ್ಮಲ್ಲಿ ಕೂರಲು ಕುರ್ಚಿ ಸಾಲುವುದಿಲ್ಲ. ಹಾಗೆ ಬರುವವರಲ್ಲಿ ಸೋಮಾರಿಗಳು ತೀರಾ ಕಡಿಮೆ. ಬೆಳಿಗ್ಗೆ ಐದಕ್ಕೆ ಎದ್ದು ತೋಟ ಸುತ್ತಿ ಬಂದವರು, ಎರಡು ಬಸ್ ಬದಲಿಸಿ ಕೆಲಸಕ್ಕೆ ಹೋಗುವವರು, ಮನೆ ಮಕ್ಕಳು ಎಲ್ಲ ನೋಡಿಕೊಂಡು ಶಾಲೆಯಲ್ಲಿ ಪಾಠ ಮಾಡುವವರು, ಇಂಥವರೇ ಜಾಸ್ತಿ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2024ರಲ್ಲಿ ಏಪ್ರಿಲ್ ಒಂದಕ್ಕೇ ರಿಟರ್ನ್ ತುಂಬಲು ಅವಕಾಶ ಸಿಕ್ಕಿತ್ತು. ಜುಲೈ 31ರ ಹೊತ್ತಿಗೆ ದೇಶದಲ್ಲಿ ಒಟ್ಟು 7.28 ಕೋಟಿ ದಾಟಿದ್ದ ರಿಟರ್ನ್‌ಗಳಲ್ಲಿ ಹತ್ತಿರಹತ್ತಿರ 70 ಲಕ್ಷ ಬಂದಿದ್ದು ಆ ಕೊನೆಯ ಒಂದೇ ದಿನ. ನಾಲ್ಕು ತಿಂಗಳು ಸಮಯ ಇತ್ತು, ಅಲ್ವಾ?

ನನ್ನ ಅನುಭವದಲ್ಲಿ ಜನ ಇಡೀ ಕೆಲಸವನ್ನು ಮುಂದೂಡುವುದಿಲ್ಲ. ಆ ಕೆಲಸದ ಒಳಗೆ ಎಲ್ಲೋ ಒಂದು ಗಂಟು ಇರುತ್ತದೆ, ಅದನ್ನು ಬಿಚ್ಚಿ ನೋಡಲು ಮನಸ್ಸು ಹಿಂಜರಿಯುತ್ತದೆ. ಆ ಒಂದು ಗಂಟಿಗೋಸ್ಕರ ಉಳಿದ ಸುಲಭದ ಕೆಲಸವೂ ನಿಂತುಬಿಡುತ್ತದೆ.

ಮೂಡಿಗೆರೆ ಕಡೆಯ ಒಬ್ಬ ಮೇಷ್ಟ್ರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ, ಅಂಕಿ ಬದಲಿಸಿದ್ದೇನೆ, ಲೆಕ್ಕದ ದಾರಿ ಮಾತ್ರ ಹಾಗೇ ಇದೆ. ಅವರಿಗೆ ಸಂಬಳ ಬಿಟ್ಟರೆ ಬ್ಯಾಂಕಿನಲ್ಲಿ ಒಂದಷ್ಟು ಎಫ್‌ಡಿ, ಮೇಲೆ ಮನೆ ಸಾಲ. ಜೂನ್ ಮಧ್ಯದಲ್ಲೇ ಶಾಲೆಯಿಂದ ಸಂಬಳ, ಅದರಲ್ಲಿ ಹಿಡಿದ ತೆರಿಗೆ ತೋರಿಸುವ ಫಾರ್ಮ್ 16 ಕೈಗೆ ಬಂದಿತ್ತು. ಆಮೇಲೆ ಆಗಬೇಕಿದ್ದಿದ್ದು ಇಷ್ಟೇ: ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗಿ ಎಐಎಸ್ ಎಂಬ ವರ್ಷದ ಆದಾಯದ ವಿವರಪಟ್ಟಿ ಇಳಿಸಿಕೊಳ್ಳುವುದು, ಅದನ್ನು ಫಾರ್ಮ್ 16ರ ಜೊತೆ ಹೋಲಿಸುವುದು, ತುಂಬುವುದು, ಕಳಿಸುವುದು. ಎಲ್ಲ ಕಾಗದ ಎದುರಿಗಿದ್ದರೆ ಒಂದೂವರೆ ಗಂಟೆ ಸಾಕು.

ಅವರು ಬಂದಿದ್ದು ಜುಲೈ 31ರ ಸಂಜೆ. ಯಾಕೆ ತಡ ಅಂತ ನಾನು ಕೇಳುವುದಿಲ್ಲ, ಕೇಳಿದರೆ ಜನ ಮುದುಡುತ್ತಾರೆ. "ಇದರಲ್ಲಿ ಯಾವ ಭಾಗ ಕಿರಿಕಿರಿ ಮಾಡ್ತಿದೆ ಸಾರ್?" ಅಂತ ಕೇಳುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಎಫ್‌ಡಿ ಬಡ್ಡಿ. ಅದಕ್ಕೆ ಎಷ್ಟು ಕಟ್ಟಬೇಕಾಗುತ್ತೋ ಅಂತ ಒಂದು ಭಯ. ದುಡ್ಡು ಕೈಗೂ ಬಂದಿಲ್ಲ, ಟ್ಯಾಕ್ಸ್ ಮಾತ್ರ ಈಗಲೇ ಅಂತಾರೆ." ಅವರದ್ದು ಅವಧಿ ಮುಗಿದ ಮೇಲೆ ಒಟ್ಟಿಗೆ ಹಣ ಕೊಡುವ ಎಫ್‌ಡಿ. ಬಡ್ಡಿ ಕೈಗೆ ಬರದಿದ್ದರೂ ಬ್ಯಾಂಕು ಪ್ರತಿ ವರ್ಷ ಅದನ್ನು ಆದಾಯ ಅಂತ ತೋರಿಸುತ್ತದೆ.

ಅಲ್ಲೇ ಲೆಕ್ಕ ಹಾಕಿದೆವು. ಆ ವರ್ಷದ ಬಡ್ಡಿ 62,000. ಬ್ಯಾಂಕು ಶೇ 10ರ ಲೆಕ್ಕದಲ್ಲಿ 6,200 ತೆರಿಗೆ ಮೊದಲೇ ಹಿಡಿದುಕೊಂಡಿತ್ತು. ಹಳೇ ತೆರಿಗೆ ಪದ್ಧತಿಯಲ್ಲಿ ಅವರು ಶೇ 20ರ ಹಂತದಲ್ಲಿದ್ದರು, ಅಂದರೆ ತೆರಿಗೆ 12,400, ಮೇಲೆ ಶೇ 4 ಸೆಸ್ ಸೇರಿ 12,896. ಹಿಡಿದದ್ದು ಕಳೆದರೆ ಕಟ್ಟಬೇಕಾದದ್ದು 6,696. ಮೇಷ್ಟ್ರು ತಲೆಯಲ್ಲಿ ಮೂವತ್ತು ನಲವತ್ತು ಸಾವಿರ ಅಂದುಕೊಂಡಿದ್ದರು. ಒಂದೂವರೆ ತಿಂಗಳು ಆ ಊಹೆಯ ಮೊತ್ತ ಹೊತ್ತುಕೊಂಡು ಓಡಾಡಿದ್ದರು, ನಿಜವಾದ ಮೊತ್ತ ನೋಡಲು ಧೈರ್ಯ ಆಗಿರಲಿಲ್ಲ.

ಈಗ ನಿಮ್ಮ "ಯಾಕೆ"ಗೆ ಬರುತ್ತೇನೆ. ಫುಶಿಯಾ ಸಿರೋಯಿಸ್ ಮತ್ತು ತಿಮೊಥಿ ಪಿಚಿಲ್ ಎಂಬ ಇಬ್ಬರು ಮನೋವಿಜ್ಞಾನಿಗಳು 2013ರಲ್ಲಿ ಬರೆದದ್ದು ನಾನು ಕಂಡದ್ದಕ್ಕೆ ಸರಿಯಾಗಿ ಹೊಂದುತ್ತದೆ. ಮುಂದೂಡುವುದು ಸಮಯ ನಿಭಾಯಿಸುವ ತೊಂದರೆಗಿಂತ ಮನಸ್ಸಿನ ಕಸಿವಿಸಿ ನಿಭಾಯಿಸುವ ತೊಂದರೆ ಅನ್ನುತ್ತಾರೆ ಅವರು. ಕೆಲಸ ನೆನಪಾದ ಕೂಡಲೇ ಭಯವೋ ಬೇಸರವೋ ಗೊಂದಲವೋ ಏಳುತ್ತದೆ. "ಭಾನುವಾರ ನೋಡೋಣ" ಅಂದ ಕೂಡಲೇ ಅದು ಇಳಿಯುತ್ತದೆ. ಆ ನೆಮ್ಮದಿ ಸುಳ್ಳಲ್ಲ, ನಿಜವಾಗಿಯೂ ಸಿಗುತ್ತದೆ, ಅದಕ್ಕೇ ಮುಂದಿನ ಭಾನುವಾರವೂ ಮನಸ್ಸು ಅದನ್ನೇ ಕೇಳುತ್ತದೆ. 1997ರಲ್ಲಿ ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ ಕಾಲೇಜು ವಿದ್ಯಾರ್ಥಿಗಳನ್ನು ಇಡೀ ಸೆಮಿಸ್ಟರ್ ಗಮನಿಸಿದ್ದರು. ಶುರುವಿನಲ್ಲಿ ಮುಂದೂಡುವವರೇ ಆರಾಮಾಗಿದ್ದರು, ಅವರಿಗೆ ಒತ್ತಡವೂ ಕಡಿಮೆ, ಕಾಯಿಲೆಯೂ ಕಡಿಮೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಲ್ಲ ತಿರುಗುಮುರುಗಾಯಿತು. ಒಟ್ಟು ಲೆಕ್ಕ ಹಾಕಿದರೆ ಅವರೇ ಹೆಚ್ಚು ಅನುಭವಿಸಿದ್ದರು, ಅಂಕವೂ ಕಡಿಮೆ ಬಂದಿತ್ತು.

ಹಾಗಾದರೆ ಕೊನೇ ಗಂಟೆಯಲ್ಲಿ ಕೆಲಸ ಹೇಗೆ ಆಗುತ್ತದೆ? ಆ ಹೊತ್ತಿಗೆ ತಪ್ಪಿಸಿಕೊಂಡರೆ ಸಿಗುವ ನೆಮ್ಮದಿ ಮುಗಿದಿರುತ್ತದೆ. ಬಡ್ಡಿಯ ಲೆಕ್ಕಕ್ಕಿಂತ ದಂಡದ ಭಯ ದೊಡ್ಡದಾಗುತ್ತದೆ. ಇನ್ನೊಂದು ವಿಷಯವೂ ಇದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಕೊನೇ ಗಂಟೆಯಲ್ಲಿ "ಹೇಗಾದ್ರೂ ಸರಿ, ಮುಗಿದರೆ ಸಾಕು" ಅನ್ನಲು ನಮಗೆ ನಾವೇ ಅನುಮತಿ ಕೊಟ್ಟುಕೊಳ್ಳುತ್ತೇವೆ. ಜೂನ್‌ನಲ್ಲಿ ಎಲ್ಲ ಸರಿಯಾಗಿ ಅಚ್ಚುಕಟ್ಟಾಗಿ ಆಗಬೇಕು ಅಂತಿದ್ದವರು ಜುಲೈ 31ರ ರಾತ್ರಿ ಅರ್ಧಂಬರ್ಧಕ್ಕೂ ಒಪ್ಪುತ್ತಾರೆ. "ಪ್ರೆಶರ್ ಇದ್ರೇನೇ ನಂಗೆ ಕೆಲಸ ಆಗೋದು" ಅನ್ನುವವರನ್ನು ದಿನಾ ನೋಡುತ್ತೇನೆ. ಅವರಿಗೆ ನೆರವಾಗುತ್ತಿರುವುದು ಒತ್ತಡ ಅಲ್ಲ, ಆ ಅನುಮತಿ. ಅದನ್ನು ಜೂನ್‌ನಲ್ಲೇ ಕೊಟ್ಟುಕೊಳ್ಳಬಹುದು.

ಅರ್ಧಂಬರ್ಧದ ಬೆಲೆ ಸಣ್ಣದಲ್ಲ. ಕೊನೇ ರಾತ್ರಿ ಪಾಸ್‌ವರ್ಡ್ ಮರೆತಿರುತ್ತದೆ, ಹೊಸದು ಮಾಡಲು ಹೋದರೆ ಒಟಿಪಿ ಎಂದೋ ಬಿಟ್ಟ ಹಳೇ ಸಿಮ್‌ಗೆ ಹೋಗುತ್ತದೆ. ಇದನ್ನು ಜೂನ್‌ನಲ್ಲಾದರೆ ಒಂದು ದಿನ ಓಡಾಡಿ ಸರಿಮಾಡಿಸಬಹುದು, ರಾತ್ರಿ ಹತ್ತೂವರೆಗೆ ಏನೂ ಮಾಡಲಾಗುವುದಿಲ್ಲ. ಆವತ್ತು ದಾಟಿದ್ದರೆ ಮೇಷ್ಟ್ರಿಗೆ 5,000 ದಂಡ, ಬಾಕಿ ತೆರಿಗೆಗೆ ತಿಂಗಳಿಗೆ ಶೇ 1 ಬಡ್ಡಿ. ಅದಕ್ಕಿಂತ ದೊಡ್ಡ ಪೆಟ್ಟು ಅಂದರೆ, ಆ ವರ್ಷ ತಡವಾಗಿ ತುಂಬುವ ಸಂಬಳದವರಿಗೆ ಹಳೇ ಪದ್ಧತಿ ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ, ಆ ಪದ್ಧತಿಯಲ್ಲಿ ಸಿಗುವ ಮನೆ ಸಾಲದ ಬಡ್ಡಿಯ ರಿಯಾಯಿತಿ ಕೈಬಿಟ್ಟು ಹೋಗುತ್ತಿತ್ತು.

"ಒಂದು ಗಂಟೆ ಕೆಲಸ, ಯಾವಾಗ ಬೇಕಾದ್ರೂ ಮಾಡ್ಬಹುದು" ಅನ್ನುವ ಲೆಕ್ಕವೂ ಇಲ್ಲಿ ಸೇರಿಕೊಳ್ಳುತ್ತದೆ. ರೋಜರ್ ಬ್ಯೂಲರ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ವಿದ್ಯಾರ್ಥಿಗಳನ್ನು ಕೇಳಿದ್ದರು. ಸರಾಸರಿ ಊಹೆ ಸುಮಾರು 34 ದಿನ. ಎಲ್ಲವೂ ಕೆಟ್ಟದಾಗಿ ನಡೆದರೆ ಎಷ್ಟು ಅಂದಾಗ ಸುಮಾರು 49. ನಿಜಕ್ಕೂ ಆಗಿದ್ದು 55ಕ್ಕೂ ಹೆಚ್ಚು. ನಾವು ಊಹಿಸುವಾಗ ಬರೀ ತುಂಬುವ ಕೆಲಸ ಲೆಕ್ಕ ಹಾಕುತ್ತೇವೆ, ಮರೆತ ಪಾಸ್‌ವರ್ಡು, ಸಿಗದ ಸರ್ಟಿಫಿಕೇಟು ಲೆಕ್ಕಕ್ಕೆ ಬರುವುದೇ ಇಲ್ಲ.

ಇದೇ ಮೇಷ್ಟ್ರು ತೋಟದ ಕೆಲಸದಲ್ಲಿ ಒಂದು ದಿನವೂ ತಡ ಮಾಡುವವರಲ್ಲ. ತೋಟ ಅವರ ತಂದೆಯ ಹೆಸರಿನಲ್ಲಿದೆ, ಉಸ್ತುವಾರಿ ಇವರದ್ದು. ಮಳೆಗಾಲಕ್ಕೆ ಮುಂಚೆ ಅರೇಬಿಕಾ ಕಾಫಿ ಗಿಡಗಳಿಗೆ ಎಲೆ ತುಕ್ಕು ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಬೇರೆ ಬೇರೆ ಕರಗಿಸಿ 200 ಲೀಟರ್ ಮಾಡಿ, ಹೊಳೆಯುವ ಚಾಕು ಅದ್ದಿ ನೋಡುತ್ತಾರೆ. ಚಾಕುವಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಕದಡಿದ್ದು ಅವತ್ತೇ ಮುಗಿಯಬೇಕು, ನಾಳೆಗೆ ಇಡುವ ಹಾಗಿಲ್ಲ. ಬೆಳಿಗ್ಗೆ ಎಂಟಕ್ಕೆ ಆಳುಗಳು ಕಣದಲ್ಲಿ ಬಂದು ನಿಂತಿರುತ್ತಾರೆ. ಆ ಕೆಲಸದಲ್ಲಿ ಮೊದಲ ಹೆಜ್ಜೆ ಏನು ಅಂತ ಗೊತ್ತು, ಸರಿಯಾಯಿತೋ ಇಲ್ಲವೋ ಅಂತ ಅಲ್ಲೇ ಕಾಣುತ್ತದೆ, ಯಾರೋ ಕಾಯುತ್ತಿರುತ್ತಾರೆ. ರಿಟರ್ನ್‌ನಲ್ಲಿ ಈ ಮೂರೂ ಇಲ್ಲ. ಮನುಷ್ಯ ಅದೇ, ಸ್ವಭಾವವೂ ಅದೇ. ಅದಕ್ಕೇ ನಾನು ಇದನ್ನು ಸೋಮಾರಿತನ ಅಂತ ಒಪ್ಪುವುದಿಲ್ಲ.

ಮುಂದಿನ ವರ್ಷ ಅವರ ಜೊತೆ ಹೀಗೆ ಮಾಡಿದೆ. ಜೂನ್‌ನಲ್ಲಿ ಫೋನ್ ಮಾಡಿ, "ಸಾರ್, ರಿಟರ್ನ್ ತುಂಬೋದು ಬೇಡ, ಶನಿವಾರ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಲ್ಲೇ ಕೂತು ಎಐಎಸ್ ಇಳಿಸಿ ನಂಗೆ ಕಳಿಸಿ, ನಾನು ಕಾಯ್ತಿರ್ತೀನಿ" ಅಂದೆ. ಫೈಲ್ ತೆರೆಯುವ ಪಾಸ್‌ವರ್ಡ್ ಪ್ಯಾನ್ ನಂಬರ್ ಸಣ್ಣಕ್ಷರದಲ್ಲಿ, ಅದಕ್ಕೆ ಅಂಟಿಕೊಂಡ ಹಾಗೆ ಹುಟ್ಟಿದ ದಿನ, ತಿಂಗಳು, ವರ್ಷ ಅಂತ ಮೊದಲೇ ಹೇಳಿದ್ದೆ, ಯಾಕೆಂದರೆ ಅಲ್ಲೇ ಅರ್ಧ ಜನ ಕೈಬಿಡುತ್ತಾರೆ. ಯಾವ ದಿನ, ಯಾವ ಹೊತ್ತು, ಎಲ್ಲಿ ಕೂತು ಅಂತ ಹೀಗೆ ಮೊದಲೇ ಕಟ್ಟಿಹಾಕಿದರೆ ಕೆಲಸ ಶುರುವಾಗುವ ಸಾಧ್ಯತೆ ಹೆಚ್ಚು ಅಂತ ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ 1990ರ ದಶಕದಿಂದಲೇ ತೋರಿಸಿದ್ದಾರೆ. ಫೈಲ್ ಅದೇ ಶನಿವಾರ ಬಂತು. ಬಡ್ಡಿಯ ಮೊತ್ತ ಕಣ್ಣಿಗೆ ಬಿದ್ದ ಮೇಲೆ ಉಳಿದದ್ದನ್ನು ಅವರೇ ಕೇಳಿ ಕೇಳಿ ಮುಗಿಸಿಕೊಂಡರು.

ನೀವು ಮುಂದೂಡುತ್ತಿರುವ ಕೆಲಸ ಯಾವುದು ಅಂತ ಬರೆದಿಲ್ಲ. ಯಾವುದೇ ಇರಲಿ, ನೆನಪಾದಾಗ ಹೊಟ್ಟೆಯಲ್ಲಿ ಕಸಿವಿಸಿ ಆಗುವ ಭಾಗ ಯಾವುದು ಅಂತ ಒಂದೇ ಸಾಲು ಬರೆದು ನೋಡಿ. "ಗೈಡ್ ಹತ್ತಿರ ಹೋಗಿ ಮಾತಾಡ್ಬೇಕು", "ಎಷ್ಟು ಸಾಲ ಆಗಿದೆ ಅಂತ ನೋಡ್ಬೇಕು", ಹೀಗೆ ಏನೋ ಒಂದು ಬರುತ್ತದೆ. ಇಡೀ ಕೆಲಸ ಬಿಟ್ಟು ಆ ಸಾಲಿಗೆ ಮಾತ್ರ ದಿನ, ಹೊತ್ತು ಗೊತ್ತುಮಾಡಿ. ಆ ಹೊತ್ತಿಗೆ ನಿಮ್ಮ ಫೋನಿಗೆ ಕಾಯುವ ಒಬ್ಬರನ್ನೂ ಒಪ್ಪಿಸಿಕೊಳ್ಳಿ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಕಷ್ಟದ ಕೆಲಸ ಮಾತ್ರ ಅಲ್ಲದೆ ಇಷ್ಟದ ಕೆಲಸಕ್ಕೂ ಕೈ ಏಳುತ್ತಿಲ್ಲ, ಊಟ ನಿದ್ದೆ ಕೆಟ್ಟಿದೆ, ವಾರಗಟ್ಟಲೆ ಹೀಗೇ ಇದೆ ಅಂದರೆ ನಾನು ಹೇಳಿದ ದಾರಿ ಸಾಲುವುದಿಲ್ಲ. ಅದು ಖಿನ್ನತೆ ಇರಬಹುದು. ಚಿಕ್ಕಂದಿನಿಂದಲೂ ಯಾವುದರಲ್ಲೂ ಗಮನ ನಿಲ್ಲುತ್ತಿಲ್ಲ ಅಂದರೆ ಎಡಿಎಚ್‌ಡಿ ಇರಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.