ಮೊದಲ ನೌಕರಿನ ಪರ್ಫೆಕ್ಟ್ ಇರಬೇಕೇನ್ರಿ?

ಪ್ರಶ್ನೆ: ಬಾಗಲಕೋಟಿ ಕಾಲೇಜಿನ್ಯಾಗ ಫೈನಲ್ ಇಯರ್ ಹುಡುಗ್ರಿಗೆ ಹತ್ತು ನಿಮಿಷ ಮಾತಾಡಬೇಕಾಗೇತಿ. ಸರಿಯಾದ ನೌಕರಿ ಸಿಗಲಿಲ್ಲಂದ್ರ ಹೆಂಗ ಅಂತ ಎಲ್ಲಾರೂ ಹೆದರ್ಯಾರ. ಏನ್ ಹೇಳ್ಲಿ?

ಉತ್ತರ: ಬೋರ್ಡ್ ಮ್ಯಾಲೆ ಒಂದು ಲೆಕ್ಕ ಬರೀರಿ ಸರ್. 22ಕ್ಕ ಶುರು ಮಾಡಿ 60ಕ್ಕ ರಿಟೈರ್ ಅಂದ್ರ 38 ವರ್ಷ, ಅದ್ರಾಗ ಮೊದಲ ಒಂದೂವರೆ ವರ್ಷ ಹಾಳಾತು ಅಂತನ ಹಿಡೀರಿ, ನೂರಕ್ಕ ನಾಲ್ಕು ಪಾಲು ಅಷ್ಟ. ಆದ್ರ ನನಗ ಏನ್ ಒಗ್ಗಂಗಿಲ್ಲ ಅಂತ ಗೊತ್ತಾಗಿದ್ದು ಉಳಿದ 36 ವರ್ಷಕ್ಕೂ ಉಪಯೋಗ ಬರ್ತೈತಿ, ಅದನ್ನ 50ಕ್ಕ ಕಲಿತ್ರ ಬಳಸಾಕ ಹತ್ತ ವರ್ಷ ಅಷ್ಟ ಉಳಿದಿರ್ತಾವು, ಅದಕ್ಕ ಹುಡುಕಾಟ ಮೊದಲ ಮಾಡೂದು.

ನಾನೂ ಮೆಕ್ಯಾನಿಕಲ್ ಮುಗಿಸಿ ಬೆಳಗಾವಿ ಉದ್ಯಮಬಾಗದಾಗ ಒಂದು ಫೌಂಡ್ರಿ ಸೇರಿದ್ದೆ, ಬೇಕಾಗಿದ್ದು ಡಿಸೈನ್, ಹಾಕಿದ್ದು ಕ್ವಾಲಿಟಿಗೆ. ಎರಕದಾಗ ಗಾಳಿತೂತು ಯಾಕ ಬೀಳ್ತಾವು (ಮರಳು ಹಸಿ ಜಾಸ್ತಿ ಇದ್ರ ಆವಿ ಒಳಗ ಸಿಕ್ಕೋತೈತಿ) ಅಂತ ಹುಡುಕೂದ್ರಾಗ ಡಿಸೈನ್ ಮರ್ತ ಹೋತು ನೋಡ್ರಿ.

ಆದ್ರ ಬಿಡಾಕ ಬರದ ನೌಕರಿ ಹುಡುಕಾಟ ಅಲ್ಲ. ಬಾಂಡ್ ಎಷ್ಟು ವರ್ಷ, ನಡುವ ಬಿಟ್ರ ಎಷ್ಟು ಕಟ್ಟಬೇಕು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೋತಾರೇನು, ಸಹಿ ಹಾಕೂ ಮೊದಲ ಕೇಳ್ರಿ ಅಂತ ಹೇಳ್ರಿ. ಎಜುಕೇಶನ್ ಲೋನ್ ಇದ್ದವ್ರು ಮಾತ್ರ ಕಂತು ಕಟ್ಟುವಷ್ಟು ಪಗಾರ ಮೊದಲ ನೋಡ್ಲಿ, ಅವ್ರಿಗೆ ನನ್ನ ಲೆಕ್ಕ ಪೂರಾ ಹೊಂದಂಗಿಲ್ಲ.